ಎರಡು ಸಾಲು ನೋಡಿ ಸರಿ ಅಂದುಕೊಳ್ಳಬೇಡಿ

ಬೂಲಿಯನ್ ಆಲ್ಜಿಬ್ರಾ ಪರೀಕ್ಷೆಯಲ್ಲಿ ಒಮ್ಮೆ `(AB)'` ಅನ್ನು `A'B'` ಎಂದು ಸರಳ ಮಾಡಿದ್ದೆ. ಅನುಮಾನ ಬಂತು. ಸುಮ್ನೆ 00 ಮತ್ತು 11 ಹಾಕಿ ನೋಡಿದೆ, ಎರಡೂ ಕಡೆ ಒಂದೇ ಉತ್ತರ. ಸರಿ ಅಂದುಕೊಂಡೆ, ಮಾರ್ಕ್ಸ್ ಹೋಯ್ತು! ಪೂರ್ತಿ ಟ್ರೂತ್ ಟೇಬಲ್ ಬರೆದಿದ್ದರೆ ತಪ್ಪು ಅಲ್ಲೇ ಸಿಗುತ್ತಿತ್ತು:

```
A B | (AB)' | A'B' | A'+B'
0 0 |   1   |  1   |   1
0 1 |   1   |  0   |   1
1 0 |   1   |  0   |   1
1 1 |   0   |  0   |   0
```

ನಡುವಿನ ಎರಡು ಸಾಲು ನೋಡಿ. ಒಂದೇ ಸಾಲು ಬೇರೆಯಾದರೂ ಸರಳೀಕರಣ ತಪ್ಪು. ಇಲ್ಲಿ ಸರಿ ಉತ್ತರ `A'+B'`.

ಇನ್ನೊಂದು ವಿಷಯ. `AB+AB'` ಸರಳ ಮಾಡಿದರೆ ಬರೀ `A` ಉಳಿಯುತ್ತದೆ, `B` ಮಾಯ. ಆದರೂ ಟೇಬಲ್‌ನಲ್ಲಿ `B` ಕಾಲಂ ಬಿಡಬೇಡಿ, ನಾಲ್ಕೂ ಸಾಲು ಹೋಲಿಸಿ. ಮೂರು ವೇರಿಯಬಲ್ ಇದ್ದರೆ 8 ಸಾಲು. ಐದಾದರೆ 32, ಕೈಯಲ್ಲಿ ಬರೆಯೋದು ಸ್ವಲ್ಪ ಜಾಸ್ತಿನೇ.