ಸೇಲ್ಸ್‌ನವನಾಗಿ ಕ್ಲೌಡ್ ಪರೀಕ್ಷೆ ಬರೆದೆ: ನನ್ನ ಅನುಭವ

ನಾನು ಸಾಫ್ಟ್‌ವೇರ್ ಮಾರುವವನು, ಕೋಡ್ ಬರೆಯಲು ಬರುವುದಿಲ್ಲ. ಆದರೂ ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯೂಎಸ್‌ನ ಕ್ಲೌಡ್ ಪ್ರಾಕ್ಟಿಷನರ್ ಪರೀಕ್ಷೆ ಪಾಸು ಮಾಡಿದೆ. 90 ನಿಮಿಷ, 65 ಪ್ರಶ್ನೆ, 1000ಕ್ಕೆ 700 ಬಂದರೆ ಪಾಸು. ಸರ್ಟಿಫಿಕೇಟ್ 3 ವರ್ಷ ನಡೆಯುತ್ತದೆ.

ಹೆಚ್ಚಿನವರು ಸರ್ವಿಸ್‌ಗಳ ಹೆಸರು ಬಾಯಿಪಾಠ ಮಾಡಲು ಕೂರುತ್ತಾರೆ. ನಾನು ಜಾಸ್ತಿ ಹೊತ್ತು ಕೊಟ್ಟಿದ್ದು ಸೆಕ್ಯುರಿಟಿ ಭಾಗಕ್ಕೆ. ಪರೀಕ್ಷೆಯಲ್ಲಿ ಅದರ ಪಾಲು ಶೇ 30. ಮೀಟಿಂಗ್‌ಗಳಲ್ಲಿ ಇನ್ನೂ ಜಾಸ್ತಿ. "ಕ್ಲೌಡ್‌ಗೆ ಹಾಕಿದ ಮೇಲೆ ಸೆಕ್ಯುರಿಟಿ ಎಲ್ಲ ಅವರದ್ದೇ ಅಲ್ವಾ?" ಎಂದು ಕೇಳದ ಗ್ರಾಹಕರೇ ಕಡಿಮೆ.

ಅಲ್ಲ. ಕಟ್ಟಡ, ಯಂತ್ರ, ನೆಟ್‌ವರ್ಕ್ ಕಾಯುವುದು ಎಡಬ್ಲ್ಯೂಎಸ್. ಡೇಟಾ ಮತ್ತು ಅದನ್ನು ಯಾರು ನೋಡಬಹುದು ಅನ್ನುವುದು ಗ್ರಾಹಕರ ಕೆಲಸ. ಮಧ್ಯದ ಗೆರೆ ಮಾತ್ರ ಸರ್ವಿಸ್‌ಗೆ ತಕ್ಕಂತೆ ಸರಿಯುತ್ತದೆ. ಡೇಟಾಬೇಸನ್ನು ಇಸಿ2 ಎಂಬ ಬಾಡಿಗೆ ಸರ್ವರ್‌ನಲ್ಲಿ ತಾವೇ ಹಾಕಿಕೊಂಡರೆ ಆಪರೇಟಿಂಗ್ ಸಿಸ್ಟಮ್‌ಗೆ ಪ್ಯಾಚ್ ಹಾಕುವುದೂ ಗ್ರಾಹಕರೇ. ಎಡಬ್ಲ್ಯೂಎಸ್ಸೇ ನಡೆಸಿಕೊಡುವ ಡೇಟಾಬೇಸ್ ಸರ್ವಿಸ್ ಆರ್‌ಡಿಎಸ್ ತಗೊಂಡರೆ ಆ ತಲೆನೋವು ಎಡಬ್ಲ್ಯೂಎಸ್‌ಗೆ. ಆದರೆ ಬ್ಯಾಕಪ್ ಎಷ್ಟು ದಿನ ಇಡಬೇಕು, ಯಾರಿಗೆ ಪಾಸ್‌ವರ್ಡ್ ಕೊಡಬೇಕು ಅನ್ನುವುದು ಆಗಲೂ ಗ್ರಾಹಕರ ತೀರ್ಮಾನವೇ.

ಇದು ಕೆಲಸಕ್ಕೆ ಬಂದಿದ್ದು ಹೀಗೆ. ಒಂದು ಕಂಪನಿಯ ಲೆಕ್ಕಪತ್ರದ ಡೇಟಾಬೇಸ್ ಆರ್‌ಡಿಎಸ್‌ಗೆ ಹೋಗಬೇಕಿತ್ತು. ಮಾತಿನ ನಡುವೆ ಅವರ ಫೈನಾನ್ಸ್ ಮ್ಯಾನೇಜರ್, "ಒಂದು ವರ್ಷದ ಬ್ಯಾಕಪ್ ತಾನಾಗಿಯೇ ಇರುತ್ತೆ ತಾನೇ?" ಎಂದರು. ಓದುವಾಗ ಸುಮ್ನೆ ಅಭ್ಯಾಸಕ್ಕೆಂದು ಆರ್‌ಡಿಎಸ್ ಪರದೆ ತೆರೆದು ನೋಡಿದ್ದೆ. ಅಲ್ಲಿ Backup retention period ಎಂಬ ಜಾಗದಲ್ಲಿ ಆಯ್ಕೆ 35 ದಿನಕ್ಕೆ ನಿಲ್ಲುತ್ತದೆ. ಹಾಗಾಗಿ ಹೂಂ ಅನ್ನಲಿಲ್ಲ. ಯಾವ ದಿನದ ಪ್ರತಿ ಬೇಕು, ತಿಂಗಳಿಗೊಂದು ಸಾಕೇ, ಎಷ್ಟು ಹೊತ್ತಿನೊಳಗೆ ವಾಪಸ್ ತರಬೇಕು ಎಂದು ಅಲ್ಲೇ ಕೇಳಿ ಬರೆದುಕೊಂಡೆ.

ನಮ್ಮ ಇಂಜಿನಿಯರ್‌ಗೆ ಹೋದ ಟಿಪ್ಪಣಿ ಇಷ್ಟೇ: "ತಿಂಗಳಿಗೊಂದು ಪ್ರತಿ, ಒಂದು ವರ್ಷ. ಆಟೋಮ್ಯಾಟಿಕ್ ಬ್ಯಾಕಪ್ ಸಾಲದು." ಅವರು ತಿಂಗಳ ಸ್ನ್ಯಾಪ್‌ಶಾಟ್ ಬೇರೆಯಾಗಿ ಇಡುವ ವ್ಯವಸ್ಥೆ ಸೇರಿಸಿದರು. ಅದರ ಸ್ಟೋರೇಜ್ ಖರ್ಚು ಮೊದಲ ಕೊಟೇಶನ್‌ನಲ್ಲೇ ಬಂತು. ಇಂಥದ್ದು ಸಹಿ ಆದ ಮೇಲೆ ಗೊತ್ತಾದರೆ ಜಗಳ ಗ್ಯಾರಂಟಿ.

ಇದರಿಂದ ನಾನು ಆರ್ಕಿಟೆಕ್ಟ್ ಆಗಲಿಲ್ಲ. ಎಷ್ಟು ದೊಡ್ಡ ಸರ್ವರ್ ಬೇಕು ಎಂದು ಕೇಳಿದರೆ ಈಗಲೂ ಬಾಯಿ ಬಿಡುವುದಿಲ್ಲ. ಅದು ಈ ಪರೀಕ್ಷೆಯ ಪಾಠವೂ ಅಲ್ಲ.

ಟೀಮ್‌ನಲ್ಲಿ ಯಾರಾದರೂ ಪಾಸಾಗಿ ಬಂದರೆ ಅಂಕ ಕೇಳುವುದಿಲ್ಲ. "ಇಸಿ2ನಲ್ಲಿ ಪ್ಯಾಚ್ ಯಾರು ಹಾಕಬೇಕು? ಆರ್‌ಡಿಎಸ್‌ನಲ್ಲಿ?" ಎಂದಷ್ಟೇ ಕೇಳುತ್ತೇನೆ. ಹಳೆ ಪ್ರಶ್ನೆಗಳನ್ನು ಉರುಹೊಡೆದವರು ಎರಡಕ್ಕೂ ಒಂದೇ ಉತ್ತರ ಕೊಡುತ್ತಾರೆ. ಅವರನ್ನು ಇನ್ನೂ ಸ್ವಲ್ಪ ದಿನ ಇಂಜಿನಿಯರ್ ಜೊತೆಯಲ್ಲೇ ಮೀಟಿಂಗ್‌ಗೆ ಕಳಿಸುತ್ತೇನೆ.