ನಲವತ್ತು ನಿಮಿಷದ ವಿಜ್ಞಾನ ಪಾಠಕ್ಕೆ ಉದ್ದೇಶ ಬರೆಯುವುದು ಹೇಗೆ?

ಮುಂಬೈಯ ಕನ್ನಡ ಮಾಧ್ಯಮ ಶಾಲೆಯೊಂದರ ಎಂಟನೇ ತರಗತಿ ಎಂದಿಟ್ಟುಕೊಳ್ಳಿ. ಪಾಠ ಆಮ್ಲ, ಪ್ರತ್ಯಾಮ್ಲ. ಪಾಠಯೋಜನೆಯಲ್ಲಿ ‘ಮಕ್ಕಳು ಆಮ್ಲ, ಪ್ರತ್ಯಾಮ್ಲಗಳನ್ನು ಅರ್ಥ ಮಾಡಿಕೊಳ್ಳುತ್ತಾರೆ’ ಎಂದಿದೆ. ಗಂಟೆ ಹೊಡೆದಾಗ ಯಾರಿಗೆ ಅರ್ಥವಾಯಿತು ಅಂತ ಹೇಗೆ ಹೇಳುತ್ತೀರಿ? ‘ಅರ್ಥವಾಯ್ತಾ?’ ಎಂದರೆ ಇಡೀ ಕ್ಲಾಸ್ ‘ಹೌದು ಟೀಚರ್’ ಅನ್ನುತ್ತೆ ಅಷ್ಟೆ.

ಮೊದಲು ಕ್ರಿಯಾಪದ ಬದಲಿಸಿ. ಮಗು ಮಾಡುವುದು ನಿಮ್ಮ ಕಣ್ಣಿಗೆ ಕಾಣಬೇಕು, ಇಲ್ಲವೇ ಕಿವಿಗೆ ಕೇಳಬೇಕು. ವಿಂಗಡಿಸು, ಹೆಸರಿಸು, ಚಿತ್ರ ಬರೆ, ಕಾರಣ ಕೊಡು ಇಂಥವು ನಡೆಯುತ್ತವೆ. ತಿಳಿ, ಅರಿ, ಮನಗಾಣು ಬೇಡ. ‘ಗುರುತಿಸು’ ಕೂಡ ಸ್ವಲ್ಪ ಜಾರುವ ಪದ. ಬೆರಳಿಟ್ಟು ತೋರಿಸಬೇಕೋ, ಬರೆಯಬೇಕೋ ಅಂತ ಜೊತೆಗೇ ಹೇಳಿಬಿಡಿ.

ಆಮೇಲೆ ಎರಡು ವಿಷಯ ಸೇರಿಸಿ: ಕೈಗೆ ಏನು ಕೊಡುತ್ತೀರಿ, ಎಷ್ಟು ಸರಿ ಬಂದರೆ ಸಾಕು. ಪಾಠದ ಉದ್ದೇಶ ಬರೆಯುವ ಬಗ್ಗೆ ಪುಸ್ತಕ ಬರೆದ ಅಮೆರಿಕದ ರಾಬರ್ಟ್ ಮೇಗರ್ 1962ರಲ್ಲೇ ಹೇಳಿದ್ದೂ ಇದನ್ನೇ. ಈಗ ನಮ್ಮ ಉದ್ದೇಶ ಹೀಗಾಗುತ್ತದೆ: ‘ಹೆಸರಿಲ್ಲದ ಐದು ದ್ರಾವಣ, ಕೆಂಪು ಮತ್ತು ನೀಲಿ ಲಿಟ್ಮಸ್ ಕೊಟ್ಟಾಗ, ಮಕ್ಕಳು ಕನಿಷ್ಠ ನಾಲ್ಕನ್ನು ಆಮ್ಲ, ಪ್ರತ್ಯಾಮ್ಲ, ತಟಸ್ಥ ಎಂದು ಸರಿಯಾಗಿ ವಿಂಗಡಿಸುತ್ತಾರೆ.’

ಐದು ದ್ರಾವಣಗಳು ನಿಂಬೆರಸ, ವಿನೆಗರ್, ಸಾಬೂನು ನೀರು, ಸುಣ್ಣದ ತಿಳಿನೀರು, ಉಪ್ಪುನೀರು. ಮನೆಯಲ್ಲಿದೆ ಅಂತ ಕೋಕಂ ತರಬೇಡಿ. ಅದರ ಕೆಂಪು ಬಣ್ಣವೇ ಕಾಗದಕ್ಕೆ ಹತ್ತುತ್ತದೆ, ನೀಲಿ ಲಿಟ್ಮಸ್ ಆಮ್ಲದಿಂದ ಕೆಂಪಾಯಿತೋ ಬಣ್ಣದಿಂದಲೋ ಗೊತ್ತಾಗುವುದಿಲ್ಲ. ಎರಡೂ ಬಣ್ಣದ ಲಿಟ್ಮಸ್ ಕೊಡಲೇಬೇಕು. ನೀಲಿ ಮಾತ್ರ ಇದ್ದರೆ ಸಾಬೂನು ನೀರಲ್ಲೂ ಉಪ್ಪುನೀರಲ್ಲೂ ಅದು ನೀಲಿಯಾಗೇ ಉಳಿಯುತ್ತದೆ. ಆಗ ಪಾಠ ಚೆನ್ನಾಗಿ ಕಲಿತ ಮಗುವೂ ಊಹೆ ಮಾಡಬೇಕಾಗುತ್ತದೆ.

ಇನ್ನು ಸಮಯ. ಹಾಜರಿ, ಹಿಂದಿನ ಪಾಠದ ನೆನಪಿಗೆ ಐದು ನಿಮಿಷ, ನೀವು ಮಾಡಿ ತೋರಿಸಲು ಹತ್ತು, ಗುಂಪಲ್ಲಿ ಅಭ್ಯಾಸಕ್ಕೆ ಹದಿನೈದು. ಉಳಿದ ಹತ್ತು ಪರೀಕ್ಷೆಗೆ. ಆದ್ದರಿಂದ ಒಂದು ಪಿರಿಯಡ್‌ಗೆ ಎರಡು ಉದ್ದೇಶಕ್ಕಿಂತ ಜಾಸ್ತಿ ಬರೆಯಬೇಡಿ. ಐದಾರು ಬರೆದರೆ ಇನ್‌ಸ್ಪೆಕ್ಷನ್‌ಗೆ ಚೆಂದ ಕಾಣಬಹುದು, ಕ್ಲಾಸಲ್ಲಿ ಒಂದನ್ನೂ ನೋಡಲು ಆಗುವುದಿಲ್ಲ.

ಕೊನೆಯ ಪರೀಕ್ಷೆ ನೀವು ಬರೆದ ಕ್ರಿಯಾಪದಕ್ಕೇ ಹೊಂದಬೇಕು. ವಿಂಗಡಿಸುತ್ತಾರೆ ಎಂದು ಬರೆದು ‘ಲಿಟ್ಮಸ್ ಎಂದರೇನು?’ ಎಂದು ಕೇಳಿದರೆ ಅಳೆದದ್ದು ನೆನಪಿನ ಶಕ್ತಿಯನ್ನು. ಲಿಟ್ಮಸ್ ಸಾಲದೆ ಬಣ್ಣ ಬದಲಾವಣೆಯ ಕೋಷ್ಟಕ ಕೊಡುವುದಾದರೆ ಉದ್ದೇಶದಲ್ಲೂ ‘ಕೋಷ್ಟಕ ನೋಡಿ’ ಅಂತ ತಿದ್ದಿ.

ಇದಕ್ಕೊಂದು ಮಿತಿಯೂ ಇದೆ. ಬಣ್ಣದ ನಿಯಮ ಬಾಯಿಪಾಠ ಮಾಡಿದ ಮಗುವೂ ಸರಿಯಾಗಿ ವಿಂಗಡಿಸಬಹುದು. ಅದಕ್ಕೇ ಎರಡನೇ ಉದ್ದೇಶ: ‘ನೀಲಿ ಲಿಟ್ಮಸ್ ಒಂದೇ ಯಾಕೆ ಸಾಲದು ಎಂಬುದಕ್ಕೆ ಉದಾಹರಣೆ ಸಹಿತ ಒಂದು ಕಾರಣ ಬರೆಯುತ್ತಾರೆ.’ ಉಪ್ಪುನೀರನ್ನು ಪ್ರತ್ಯಾಮ್ಲ ಎಂದು ಬರೆದವರ ಚೀಟಿಗಳನ್ನು ಬೇರೆ ಇಡಿ. ಮರುದಿನ ಅವರಿಗೆ ಕೆಂಪು ಲಿಟ್ಮಸ್ ಕೊಟ್ಟು, ಅದೇ ಉಪ್ಪುನೀರನ್ನೂ ಸಾಬೂನು ನೀರನ್ನೂ ಅಕ್ಕಪಕ್ಕ ಇಟ್ಟು ಮತ್ತೆ ಮಾಡಿಸಿ.