ಏಳು ಕೈ ಮೇಲೆ, ಎರಡು ಕೈ ಕೆಳಗೆ: ಷೇರುದಾರರ ಸಭೆಯಲ್ಲಿ ಪೋಲ್ ಕೇಳುವುದು ಹೇಗೆ?

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಒಂದು ದಾಲ್ ಮಿಲ್ ಇದೆ ಅಂದುಕೊಳ್ಳಿ. ಅಣ್ಣ-ತಮ್ಮ ಸೇರಿ ಕಟ್ಟಿದ ಪ್ರೈವೇಟ್ ಲಿಮಿಟೆಡ್ ಕಂಪನಿ. ಅಣ್ಣ ಈಗಿಲ್ಲ. ಅವನ ಷೇರು ಮಗಳಿಗೂ ಮಗನಿಗೂ ಬಂದಿವೆ. ತಮ್ಮ, ಅಂದರೆ ಇವರ ಕಾಕಾ, ಸಭೆಯ ಅಧ್ಯಕ್ಷ. ಕಾಕಾನ ಮಗನನ್ನು ಡೈರೆಕ್ಟರ್ ಮಾಡಬೇಕೆಂಬ ಠರಾವು ಬಂದಿದೆ. ಮಗಳಿಗೆ ಅದು ಒಪ್ಪಿಗೆಯಿಲ್ಲ.

ಮಿಲ್ಲೂ ಮನೆಯವರೂ ಉದಾಹರಣೆಗೆ ನಾನು ಕಟ್ಟಿಕೊಂಡವರು. ಆದರೆ ಇಂಥ ಸಭೆಗಳಲ್ಲಿ ನಾನು ಕೂತಿದ್ದೇನೆ. ಗೆಲ್ಲುವಷ್ಟು ಷೇರು ಕೈಯಲ್ಲಿದ್ದರೂ, ಕೇಳಬೇಕಾದ ಹೊತ್ತಿಗೆ ಒಂದು ಮಾತು ಕೇಳದೆ ಸೋತು ಎದ್ದುಹೋದವರನ್ನು ನೋಡಿ ಸಂಕಟಪಟ್ಟಿದ್ದೇನೆ. ಆ ಮಾತು ಯಾವುದು, ಯಾವಾಗ ಆಡಬೇಕು ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ಬರೆದುಕೊಳ್ಳಿ

ಸಭೆಗೆ ಹೋಗುವ ಮುಂಚೆ ಸದಸ್ಯರ ರಿಜಿಸ್ಟರ್ ನೋಡಿ, ಯಾರ ಹತ್ತಿರ ಎಷ್ಟು ಷೇರು ಇವೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ನಮ್ಮ ಮಿಲ್ಲಿನಲ್ಲಿ ಹತ್ತು ರೂಪಾಯಿಯ 4,00,000 ಷೇರುಗಳಿವೆ. ಕಾಕಾನವು 1,20,000. ಮಗಳದು 80,000. ಹೈದರಾಬಾದಿನಲ್ಲಿರುವ ಅವಳ ತಮ್ಮನದು 1,00,000. ಗಂಜ್‌ನ ಒಬ್ಬ ಅಡತ್ ವ್ಯಾಪಾರಿಯದು 40,000. ಉಳಿದ 60,000 ಷೇರು ಹಳೆಯ ಮುನೀಮರು, ನೆಂಟರು ಸೇರಿ ಆರು ಜನರಲ್ಲಿ ತಲಾ 10,000ದಂತೆ ಹಂಚಿಹೋಗಿವೆ.

ಸಭೆಯಲ್ಲಿ ಕಾಕಾ 'ಒಪ್ಪುವವರು ಕೈ ಎತ್ರಿ' ಅನ್ನುತ್ತಾರೆ. ಅವರದೊಂದು ಕೈ, ಆರು ಜನರ ಆರು ಕೈ, ಒಟ್ಟು ಏಳು. ವಿರೋಧಕ್ಕೆ ಮಗಳು ಮತ್ತು ವ್ಯಾಪಾರಿ, ಎರಡೇ. ಕೈ ಎತ್ತುವಾಗ ಒಬ್ಬರಿಗೆ ಒಂದೇ ವೋಟು. ಹತ್ತು ಸಾವಿರ ಷೇರಿನ ಮುನೀಮರ ಕೈಗೂ ಎಂಬತ್ತು ಸಾವಿರ ಷೇರಿನ ಮಗಳ ಕೈಗೂ ತೂಕ ಒಂದೇ. ಹೈದರಾಬಾದಿನ ತಮ್ಮನ ಪ್ರಾಕ್ಸಿ, ಅಂದರೆ ಅವನ ಬದಲು ವೋಟು ಹಾಕುವ ಅಧಿಕಾರ, ಅವಳ ಬಳಿ ಇದ್ದರೂ ಅವನ ಪರವಾಗಿ ಇನ್ನೊಂದು ಕೈ ಎತ್ತುವ ಹಾಗಿಲ್ಲ. ಪ್ರಾಕ್ಸಿಯ ವೋಟು ಪೋಲ್ ಆದಾಗ, ಅಂದರೆ ಕೈ ಬಿಟ್ಟು ಷೇರಿನ ಲೆಕ್ಕದಲ್ಲಿ ವೋಟು ಎಣಿಸಿದಾಗ ಮಾತ್ರ ನಡೆಯುತ್ತದೆ.

ಅದೇ ಠರಾವನ್ನು ಷೇರಿನ ಲೆಕ್ಕದಲ್ಲಿ ತೂಗಿ ನೋಡಿ. ಪರ: 1,20,000 ಮತ್ತು 60,000, ಒಟ್ಟು 1,80,000. ವಿರೋಧ: 80,000, ತಮ್ಮನ 1,00,000, ವ್ಯಾಪಾರಿಯ 40,000, ಒಟ್ಟು 2,20,000. ಏಳು ಕೈ ಸೋತು ಎರಡು ಕೈ ಗೆದ್ದವು. ಕಂಪನಿ ಕಾಯ್ದೆ 2013ರ 47ನೇ ಸೆಕ್ಷನ್ ಪ್ರಕಾರ ಪೋಲ್‌ನಲ್ಲಿ ವೋಟಿನ ತೂಕ, ಪಾವತಿಯಾದ ಈಕ್ವಿಟಿ ಬಂಡವಾಳದಲ್ಲಿ ನಿಮ್ಮ ಪಾಲು ಎಷ್ಟೋ ಅಷ್ಟು.

'ಪಾವತಿಯಾದ' ಎಂಬ ಮಾತನ್ನು ಗಮನಿಸಿ. ಹತ್ತು ರೂಪಾಯಿ ಷೇರಿಗೆ ಐದೇ ರೂಪಾಯಿ ಕಟ್ಟಿದ್ದರೆ ಆ ಷೇರಿನ ತೂಕ ಅರ್ಧ. ಷೇರಿಗೆ ಕಟ್ಟಿ ಎಂದು ಕಂಪನಿ ಕೇಳಿದ ಹಣ ಬಾಕಿ ಇಟ್ಟವರಿಗೆ ವೋಟೇ ಇಲ್ಲ ಎಂದು ಕಂಪನಿಯ ಒಳನಿಯಮಗಳಾದ ಆರ್ಟಿಕಲ್ಸ್‌ನಲ್ಲಿ ಬರೆದಿರಲೂಬಹುದು.

ಪ್ರಾಕ್ಸಿ ಹೊತ್ತಿಗೆ ಮುಟ್ಟಬೇಕು

ಈ ಲೆಕ್ಕ ನಿಂತಿರುವುದು ಊರಲ್ಲಿಲ್ಲದ ತಮ್ಮನ ಒಂದು ಲಕ್ಷ ಷೇರಿನ ಮೇಲೆ. ಅವನು ಎಂಜಿಟಿ-11 ಎಂಬ ನಮೂನೆ ತುಂಬಿ, ರೆವಿನ್ಯೂ ಸ್ಟ್ಯಾಂಪ್ ಹಚ್ಚಿ, ಸಹಿ ಮಾಡಿ ಕೊಡಬೇಕು. ಸಾಮಾನ್ಯವಾಗಿ ಸಭೆಗೆ 48 ಗಂಟೆ ಮೊದಲು ಅದು ಕಂಪನಿಯ ನೋಂದಾಯಿತ ಕಚೇರಿಗೆ ತಲುಪಿರಬೇಕು. ಸೋಮವಾರ ಬೆಳಿಗ್ಗೆ 11ಕ್ಕೆ ಸಭೆ ಎಂದರೆ ಶನಿವಾರ 11ರೊಳಗೆ. ಪ್ರೈವೇಟ್ ಕಂಪನಿಯ ಆರ್ಟಿಕಲ್ಸ್‌ನಲ್ಲಿ ಬೇರೆ ನಿಯಮ ಇಲ್ಲದಿದ್ದರೆ, ಇದಕ್ಕಿಂತ ಜಾಸ್ತಿ ಮುಂಚೆ ಕೊಡಿ ಎಂದು ಕೇಳಲು ಕಾನೂನು ಬಿಡುವುದಿಲ್ಲ.

ಶನಿವಾರ ಸಂಜೆ ತಲುಪಿತು ಅನ್ನಿ. ಸಭೆಯಲ್ಲೇ ಪೋಲ್ ನಡೆದರೆ ಆ ಲಕ್ಷ ಷೇರು ಎಣಿಕೆಗೆ ಬರುವುದಿಲ್ಲ. ಆಗ ವಿರೋಧ ಬರೀ 1,20,000, ಪರ 1,80,000. ಠರಾವು ಪಾಸ್. ಅದಕ್ಕೇ ಕೊಟ್ಟ ಹೊತ್ತು ಬರೆಸಿ ಸ್ವೀಕೃತಿಯ ಸಹಿ ತೆಗೆದುಕೊಳ್ಳಿ. ಸುಮ್ನೆ ಟೇಬಲ್ ಮೇಲೆ ಇಟ್ಟು ಬರಬೇಡಿ.

ಇನ್ನೊಂದು ಮಿತಿ ಇದೆ. ಶೇ 10ಕ್ಕಿಂತ ಜಾಸ್ತಿ ಷೇರಿರುವವರು ಒಬ್ಬರನ್ನು ಪ್ರಾಕ್ಸಿ ಮಾಡಿದರೆ, ಆ ವ್ಯಕ್ತಿ ಬೇರೆ ಯಾರಿಗೂ ಪ್ರಾಕ್ಸಿ ಆಗುವಂತಿಲ್ಲ. ತಮ್ಮನ ಪಾಲು ಶೇ 25. ಹಾಗಾಗಿ ಅಕ್ಕನಿಗೆ ವ್ಯಾಪಾರಿಯ ಪ್ರಾಕ್ಸಿಯನ್ನೂ ಹೊರಲು ಬರುವುದಿಲ್ಲ. ವ್ಯಾಪಾರಿ ತಾನೇ ಬರಬೇಕು, ಇಲ್ಲವೇ ಬೇರೆಯವರನ್ನು ಕಳಿಸಬೇಕು.

ಕೇಳುವ ಗಳಿಗೆ

ಪೋಲ್ ಕೇಳುವ ಹಕ್ಕು 109ನೇ ಸೆಕ್ಷನ್‌ನಲ್ಲಿದೆ. ಕೈ ಎತ್ತಿದ ಫಲಿತಾಂಶ ಘೋಷಿಸುವ ಮುಂಚೆ, ಇಲ್ಲವೇ ಘೋಷಿಸುವಾಗಲೇ ಕೇಳಬೇಕು. ಮುಂದಿನ ಠರಾವಿಗೆ ಹೋದ ಮೇಲೆ ಕೇಳಿದರೆ ತಡವಾಯಿತು. 'ಪಾಸಾಗಿದೆ' ಎಂದು ಅಧ್ಯಕ್ಷರು ಹೇಳಿ ಅದು ನಡಾವಳಿ ಪುಸ್ತಕಕ್ಕೆ ಹತ್ತಿದರೆ ಅದೇ ಪಕ್ಕಾ ಪುರಾವೆ. ಎಷ್ಟು ಕೈ ಎದ್ದವು ಎಂದು ಆಮೇಲೆ ತೋರಿಸಬೇಕಾಗಿಯೂ ಇಲ್ಲ.

ಹಾಗಾಗಿ ಕೈ ಎಣಿಸುತ್ತಿರುವಾಗಲೇ ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿ: 'ಕಾಕಾ, ರಿಸಲ್ಟ್ ಹೇಳೂದಕ್ಕ ಮುಂಚೆ ಪೋಲ್ ಬೇಕ್ರಿ. 109ನೇ ಸೆಕ್ಷನ್ ಪ್ರಕಾರ ಕೇಳ್ಲತ್ತೀನಿ.' ಕೈಯಲ್ಲಿ ಒಂದು ಚೀಟಿಯನ್ನೂ ಬರೆದು ಇಟ್ಟುಕೊಂಡಿರಿ. ಹೆಸರು, ಫೋಲಿಯೋ ಸಂಖ್ಯೆ, ಷೇರು ಎಷ್ಟು, ಯಾವ ಠರಾವಿನ ಮೇಲೆ, ಗಂಟೆ ಎಷ್ಟು. ಅದನ್ನು ಅಧ್ಯಕ್ಷರ ಕೈಗೆ ಕೊಡಿ. ಮನೆಯವರ ನಡುವೆ ಇದು ಬಿರುಸಾಯಿತು ಅನಿಸಬಹುದು. ಆದರೆ ನಾಳೆ 'ಆಕೆ ಕೇಳಲೇ ಇಲ್ಲ' ಅನ್ನುವ ಮಾತಿಗೆ ಎದುರು ನಿಲ್ಲುವುದು ಈ ಚೀಟಿ.

ಪೋಲ್ ಕೇಳುವ ಹಕ್ಕು ಎಲ್ಲರಿಗೂ ಇಲ್ಲ. ಖುದ್ದಾಗಿ ಅಥವಾ ಪ್ರಾಕ್ಸಿ ಮೂಲಕ ಹಾಜರಿದ್ದು ಒಟ್ಟು ವೋಟಿನ ಹತ್ತನೇ ಒಂದು ಪಾಲು, ಇಲ್ಲವೇ ಐದು ಲಕ್ಷ ರೂಪಾಯಿ ಪಾವತಿಯಾದ ಷೇರು ಇರಬೇಕು. ಎರಡರಲ್ಲಿ ಒಂದಿದ್ದರೆ ಸಾಕು. ನಮ್ಮ ಮಿಲ್ಲಿನಲ್ಲಿ ಹತ್ತನೇ ಒಂದು ಪಾಲು ಎಂದರೆ 40,000 ಷೇರು. ವ್ಯಾಪಾರಿ ಒಬ್ಬನೇ ಕೇಳಬಹುದು. ಮುನೀಮರೊಬ್ಬರಿಗೆ ಆಗದು, ಆದರೆ ಅವರಂಥ ನಾಲ್ಕು ಜನ ಕೂಡಿದರೆ ಆಗುತ್ತದೆ. ಇಷ್ಟು ಇದ್ದು ಕೇಳಿದರೆ ಅಧ್ಯಕ್ಷರು ಪೋಲ್ ಮಾಡಿಸಲೇಬೇಕು, ಅವರ ಮರ್ಜಿಯಲ್ಲ. ಪ್ರೈವೇಟ್ ಕಂಪನಿಯ ಆರ್ಟಿಕಲ್ಸ್ ಇದರಲ್ಲಿ ಬೇರೆ ನಿಯಮ ಇಟ್ಟಿರಬಹುದು. ಅದನ್ನು ಮುಂಚೆಯೇ ಓದಿ.

ಚೀಟಿ, ಪೆಟ್ಟಿಗೆ, ಎಣಿಕೆ

ಇಂಥ ಠರಾವಿನ ಪೋಲ್ ಕೇಳಿದ 48 ಗಂಟೆಯೊಳಗೆ ಆಗಬೇಕು. ಎಣಿಸಲು ಅಧ್ಯಕ್ಷರು ಸ್ಕ್ರೂಟಿನೈಸರ್ ನೇಮಿಸುತ್ತಾರೆ. ಖಾಲಿ ಪೆಟ್ಟಿಗೆಯನ್ನು ಎಲ್ಲರ ಎದುರೇ ಬೀಗ ಹಾಕಿ ಸೀಲ್ ಮಾಡಬೇಕು. ಅದನ್ನು ಕಣ್ಣಾರೆ ನೋಡಿ. ವೋಟಿನ ಹಾಳೆ ಎಂಜಿಟಿ-12. ಮಗಳು ಎರಡು ಹಾಳೆ ತುಂಬಬೇಕು, ತನ್ನದೊಂದು, ತಮ್ಮನ ಪ್ರಾಕ್ಸಿಯಾಗಿ ಇನ್ನೊಂದು. ಸಹಿ ಬಿಟ್ಟರೆ, ಷೇರಿನ ಸಂಖ್ಯೆ ರಿಜಿಸ್ಟರ್‌ಗೆ ತಾಳೆಯಾಗದಿದ್ದರೆ ತಕರಾರು ಏಳುವುದು ಇಲ್ಲೇ.

ಡೈರೆಕ್ಟರ್ ನೇಮಕ ಸಾಮಾನ್ಯ ಠರಾವು, ಪರದ ವೋಟು ವಿರೋಧಕ್ಕಿಂತ ಒಂದು ಜಾಸ್ತಿ ಇದ್ದರೂ ಸಾಕು. ಆರ್ಟಿಕಲ್ಸ್ ತಿದ್ದುವಂಥ ವಿಶೇಷ ಠರಾವಿಗೆ ಪರ, ವಿರೋಧದ ಮೂರು ಪಟ್ಟು ಇರಬೇಕು. ಅಕ್ಕ-ತಮ್ಮನ 1,80,000 ವಿರೋಧಕ್ಕೆ ಬಿದ್ದರೆ ಪರಕ್ಕೆ 5,40,000 ಬೇಕು. ಕಂಪನಿಯಲ್ಲಿ ಅಷ್ಟು ಷೇರೇ ಇಲ್ಲ.

ನಮ್ಮ ಭಾಗದಲ್ಲಿ ತೊಗರಿ ಬೆಳೆಗಾರರ ಉತ್ಪಾದಕ ಕಂಪನಿಯಲ್ಲೋ ಸಹಕಾರ ಸಂಘದಲ್ಲೋ ಸದಸ್ಯರಾದವರು ಬಹಳ. ಈ ತೂಕದ ಲೆಕ್ಕ ಅಲ್ಲಿ ನಡೆಯದು. ರೈತರೇ ಸದಸ್ಯರಾಗಿರುವ ಉತ್ಪಾದಕ ಕಂಪನಿಯಲ್ಲಿ ಷೇರು ಎಷ್ಟೇ ಇದ್ದರೂ ಒಬ್ಬರಿಗೆ ಒಂದೇ ವೋಟು.

ಸ್ಕ್ರೂಟಿನೈಸರ್ ವರದಿ, ಎಂಜಿಟಿ-13, ಏಳು ದಿನದೊಳಗೆ ಅಧ್ಯಕ್ಷರಿಗೆ ಹೋಗಬೇಕು. ಪರ ಎಷ್ಟು, ವಿರೋಧ ಎಷ್ಟು, ತಿರಸ್ಕರಿಸಿದ ವೋಟು ಎಷ್ಟು ಎಂದು ಅದರಲ್ಲಿ ಇರುತ್ತದೆ. ನಿಮ್ಮ ಹಾಳೆಯ ಲೆಕ್ಕದ ಪಕ್ಕದಲ್ಲಿಟ್ಟು ಆ ಮೂರೂ ಸಂಖ್ಯೆ ಕೂಡಿಸಿ ನೋಡಿ. ತಾಳೆ ಬಾರದಿದ್ದರೆ ಮೊದಲು ತಿರಸ್ಕೃತ ವೋಟು ಯಾರದು, ಯಾಕೆ ಎಂದು ಕೇಳಿ.